ಸರಾಸರಿ ಇಪ್ಪತ್ತು ಪರ್ಸೆಂಟ್ ಅಷ್ಟೇ ಅಕ್ಕಾ

"ಸರಾಸರಿ ಇಪ್ಪತ್ತು ಪರ್ಸೆಂಟ್ ಅಷ್ಟೇ ಅಕ್ಕಾ, ಅಮ್ಮನೂ ಆರಾಮಾಗಿ ಹತ್ತಬಹುದು." ಗುರುವಾರ ರಾತ್ರಿ ನಮ್ಮ ಚಿಕ್ಕಮ್ಮನ ಮಗ ಊಟದ ತಟ್ಟೆ ಪಕ್ಕ ನಕ್ಷೆ ಹರಡ್ಕೊಂಡು ಗುಡ್ಡದ ಏರಿನ ಬಗ್ಗೆ ಹೇಳಿದ ಈ ಮಾತು ಈ ವಾರ ಪೂರ್ತಿ ನನ್ನ ಕಿವೀಲೇ ಇದೆ. ಹುಡುಗ ಒಳ್ಳೆಯವನು, ಕೆಲಸದಲ್ಲೂ ಚುರುಕು, ಆದ್ರೆ ಆಫೀಸಲ್ಲಿ ದಿನವಿಡೀ ಡ್ಯಾಶ್‌ಬೋರ್ಡ್ ನೋಡಿ ನೋಡಿ ಏನನ್ನೇ ಆಗ್ಲಿ ಒಂದೇ ನಂಬರಿಗೆ ಇಳಿಸಿಬಿಟ್ರೆ ಅರ್ಥ ಆಯ್ತು ಅಂದ್ಕೋತಾನೆ. ಚಿಕ್ಕಮ್ಮನಿಗೆ ತೋಟದ ಹಿಂದಿನ ಗುಡ್ಡದ ನೆತ್ತಿಯಲ್ಲಿರೋ ಚೌಡಿಗೆ ಹಣ್ಣುಕಾಯಿ ಮಾಡಿಸೋ ಆಸೆ, ಮಂಡಿ ನೋವು ಬೇರೆ. ದಾರಿ ಗೊತ್ತಿದ್ದ ಹಳೇ ಆಳು ಊರಲ್ಲಿ ಇರಲಿಲ್ಲ. ಅದಕ್ಕೆ ಇವನು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ಡೌನ್‌ಲೋಡ್ ಮಾಡಿ, ಮನೆ ಪ್ಲಾನ್ ಪ್ರಿಂಟ್ ಹಾಕೋ ಅಂಗಡೀಲಿ ದೊಡ್ಡ ಹಾಳೆಯಲ್ಲಿ ತೆಗೆಸ್ಕೊಂಡು ಬಂದಿದ್ದ. ಅದಂತೂ ಮೆಚ್ಚಬೇಕಾದ್ದೇ.

ಆ ಶೀಟಲ್ಲಿ ಒಂದೇ ಎತ್ತರದ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆಗಳಿರುತ್ತೆ, ಅವೇ ಕಾಂಟೂರ್. ಅವನ ಲೆಕ್ಕ ಹೀಗೆ. ತೋಟದ ಗೇಟು 940 ಮೀಟರ್ ಗೆರೆ ಮೇಲೆ, ಚೌಡಿ ಜಾಗ 1300ರ ಗೆರೆ ಮೇಲೆ, ಅಂದ್ರೆ ಏರು 360 ಮೀಟರ್. ಎರಡರ ನಡುವೆ ಸ್ಕೇಲ್ ಇಟ್ರೆ 3.6 ಸೆಂಟಿಮೀಟರ್. ಶೀಟು 1:50,000 ಆಗಿರೋದ್ರಿಂದ ಒಂದು ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ 500 ಮೀಟರ್, ಒಟ್ಟು 1800 ಮೀಟರ್. 360ನ್ನ 1800ರಿಂದ ಭಾಗಿಸಿದ್ರೆ ಐದರಲ್ಲಿ ಒಂದು, ಇಪ್ಪತ್ತು ಪರ್ಸೆಂಟ್, ಹನ್ನೊಂದು ಡಿಗ್ರಿ ಚಿಲ್ಲರೆ. ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ನಾನು ಪಿಯು ಮಕ್ಕಳಿಗೆ ಭೂಗೋಳ ಪಾಠ ಮಾಡೋಳು, ಪ್ರಾಕ್ಟಿಕಲ್‌ನಲ್ಲಿ ಇದನ್ನೇ ಬರೆದಿದ್ರೆ ಪೂರ್ತಿ ಮಾರ್ಕ್ಸ್ ಕೊಡ್ತಿದ್ದೆ.

ಆದ್ರೆ ಅವನು ಅಳೆದಿದ್ದು ಎರಡು ಬಿಂದುಗಳನ್ನ, ನಡುವಿನ ಗೆರೆಗಳನ್ನ ನೋಡಿರ್ಲೇ ಇಲ್ಲ. ನಾನು ಪೇಪರ್ ತುಂಡೊಂದನ್ನ ತಗೊಂಡು ಅದರ ಅಂಚನ್ನ ಅವನು ಎಳೆದ ದಾರಿ ಉದ್ದಕ್ಕೂ ಇಟ್ಟು, ಕಂದು ಬಣ್ಣದ ಕಾಂಟೂರ್ ಎಲ್ಲೆಲ್ಲಿ ದಾಟುತ್ತೋ ಅಲ್ಲೆಲ್ಲ ಪೆನ್ಸಿಲಿಂದ ಒಂದೊಂದು ಗೀಟು ಹಾಕ್ತಾ ಹೋದೆ. ದಾರಿ ತಿರುಗಿದ ಕಡೆ ಪೇಪರನ್ನೂ ತಿರುಗಿಸ್ಕೋಬೇಕು. ಈ ಶೀಟಲ್ಲಿ ಒಂದು ಗೆರೆಯಿಂದ ಪಕ್ಕದ ಗೆರೆಗೆ 20 ಮೀಟರ್ ಎತ್ತರ, ಪ್ರತಿ ಐದನೇ ಗೆರೆ ದಪ್ಪಗಿರುತ್ತೆ, ಅಂದ್ರೆ ದಪ್ಪ ಗೆರೆಯಿಂದ ದಪ್ಪ ಗೆರೆಗೆ 100 ಮೀಟರ್. ಪೇಪರ್ ಎತ್ತಿ ಅವನಿಗೆ ತೋರಿಸ್ದೆ, ಬಾಯಲ್ಲಿ ಏನೂ ಹೇಳ್ಬೇಕಾಗೇ ಇರಲಿಲ್ಲ. ಶುರುವಿನ 2.2 ಸೆಂಟಿಮೀಟರಲ್ಲಿ ಗೀಟುಗಳು ಅಲ್ಲೊಂದು ಇಲ್ಲೊಂದು, ಏರು ಒಟ್ಟು 100 ಮೀಟರ್ ಅಷ್ಟೇ. ಕೊನೇ 8 ಮಿಲಿಮೀಟರಲ್ಲಿ 40 ಮೀಟರ್. ನಡುವೆ ಉಳಿದ 6 ಮಿಲಿಮೀಟರಲ್ಲಿ ಹನ್ನೊಂದು ಗೆರೆ ಮೈಗೆ ಮೈ ತಾಗಿಸ್ಕೊಂಡು ನಿಂತಿದ್ವು. 300 ಮೀಟರ್ ನಡಿಗೇಲಿ 220 ಮೀಟರ್ ಏರು. ಎಪ್ಪತ್ಮೂರು ಪರ್ಸೆಂಟ್, ಮೂವತ್ತಾರು ಡಿಗ್ರಿ.

ಮೂವತ್ತಾರು ಡಿಗ್ರಿ ಅಂದ್ರೆ ಎಷ್ಟು ಅಂತ ಹೇಳೋದು ಕಷ್ಟ, ನಮ್ಮ ಹಳೇ ಮನೆಗಳ ಕಡಿದಾದ ಮಹಡಿ ಮೆಟ್ಟಿಲು ಇರುತ್ತಲ್ಲ ಹೆಚ್ಚೂ ಕಮ್ಮಿ ಅದು, ಮೆಟ್ಟಿಲು ಕಿತ್ತು ಹಾಕಿ ಒದ್ದೆ ಹುಲ್ಲು ಹಾಸಿದ ಹಾಗೆ. ಹತ್ತೋದು ಹೇಗೋ ಆಗುತ್ತೆ, ಇಳಿಯೋದು ಯಾರು?

ಇಷ್ಟು ಹತ್ತಿರ ಇರೋ ಗೆರೆಗಳನ್ನ ಒಂದೊಂದಾಗಿ ಎಣಿಸೋಕೆ ಹೋದ್ರೆ ಕಣ್ಣು ಮೋಸ ಮಾಡುತ್ತೆ, ಅರ್ಧ ಮಿಲಿಮೀಟರನ್ನ ಸ್ಕೇಲಲ್ಲಿ ಅಳೆಯೋಕೂ ಆಗಲ್ಲ, ಪ್ರಿಂಟಲ್ಲಿ ಒಂದೆರಡು ಗೆರೆ ಅಂಟ್ಕೊಂಡಿದ್ರೂ ಇರಬಹುದು. ಆಗ ದಪ್ಪ ಗೆರೆಗಳನ್ನ ಮಾತ್ರ ಹಿಡ್ಕೋಬೇಕು. 1100 ಮತ್ತು 1200ರ ದಪ್ಪ ಗೆರೆಗಳ ನಡುವೆ ಅಳೆದ್ರೆ ಎರಡೂಮುಕ್ಕಾಲು ಮಿಲಿಮೀಟರ್, ಅಂದ್ರೆ ಸುಮಾರು 137 ಮೀಟರ್. ಅಲ್ಲೂ ಎಪ್ಪತ್ಮೂರೇ ಬಂತು. ಹುಡುಗ ಫೋನಲ್ಲಿ ಭಾಗಾಕಾರ ಮಾಡಿ, ಮತ್ತೆ ಮಾಡಿ, ಆಮೇಲೆ ಕೇಳ್ದ: "ಹಾಗಾದ್ರೆ ಸರಾಸರಿ ತಪ್ಪಾ ಅಕ್ಕಾ?"

"ತಪ್ಪಲ್ಲ ಕಣೋ. ಆ ಇಪ್ಪತ್ತು ಪರ್ಸೆಂಟು ಈ ದಾರೀಲಿ ಎಲ್ಲೂ ಇಲ್ಲ ಅಷ್ಟೇ."

ಹೇಳಿಬಿಟ್ಟೆ, ಆಮೇಲೆ ಅದೇ ಮಾತು ನನ್ನನ್ನೇ ಕಾಡೋಕೆ ಶುರುವಾಯ್ತು. ನಿಜಕ್ಕೂ ಎಲ್ಲೂ ಇಲ್ಲ. ಒಂಬತ್ತು ಪರ್ಸೆಂಟ್ ಇದೆ, ಎಪ್ಪತ್ಮೂರು ಇದೆ, ಹತ್ತು ಇದೆ, ಇಪ್ಪತ್ತನ್ನ ಕಾಲಲ್ಲಿ ತುಳಿಯೋ ಜಾಗವೇ ಇಲ್ಲ. ಮತ್ತೆ ನಾವು ಕ್ಲಾಸಲ್ಲಿ ವರ್ಷ ವರ್ಷ ಕೇಳೋದು ಇದನ್ನೇ, ಎ ಮತ್ತು ಬಿ ನಡುವಿನ ಗ್ರೇಡಿಯಂಟ್ ಕಂಡುಹಿಡಿಯಿರಿ. ಐದರಲ್ಲಿ ಒಂದು ಅಂತ ಬರೆದು ಡಬ್ಬಿ ಹಾಕಿದ್ರೆ ಮುಗೀತು. ಎಯಿಂದ ಬಿಗೆ ಹೋಗೋನು ಎಲ್ಲಿ ಜಾರ್ತಾನೆ ಅಂತ ಯಾರೂ ಕೇಳಲ್ಲ. ಅದೇ ಶೀಟು, ಅದೇ ಸ್ಕೇಲು, ಪ್ರಶ್ನೆ ಒಂಚೂರು ಬದಲಾಯಿಸಿ "ಈ ದಾರಿಯ ಅತಿ ಕಡಿದಾದ 300 ಮೀಟರ್ ಎಲ್ಲಿದೆ ತೋರಿಸಿ" ಅಂದ್ರೆ ಮಕ್ಕಳು ಗೆರೆ ನೋಡ್ತಾರೆ. ಸ್ಟಾಫ್ ರೂಮಲ್ಲಿ ಇದನ್ನ ಹೇಳ್ದೆ, ಒಬ್ಬರು "ವ್ಯಾಲ್ಯುಯೇಷನ್ ಕಷ್ಟ ಆಗುತ್ತೆ ಮೇಡಂ" ಅಂತ ಟೀ ಕುಡಿಯೋಕೆ ಹೋದ್ರು. ಅವರು ಯಾವತ್ತೂ ಹಾಗೇ.

ದಾರಿ ಬದಲಾಯಿಸಿದ್ವಿ. ಅವನು ಎಳೆದ ಗೀಟು ಹೋಗ್ತಿದ್ದ ಕಡೆ ಗೆರೆಗಳು ಎತ್ತರದ ಕಡೆಗೆ ಮೂತಿ ಮಾಡಿ ಮಡಚ್ಕೊಂಡಿದ್ವು, ಅಂದ್ರೆ ಹಳ್ಳದ ಕೊರಕಲು. ಅದರ ಎಡಕ್ಕೆ ಗೆರೆಗಳು ತಗ್ಗಿನ ಕಡೆಗೆ ಮೂತಿ ಚಾಚಿದ್ವು, ಅದು ಗುಡ್ಡದ ಏಣು. ಏಣಿನ ಮೇಲೆ ಅದೇ 220 ಮೀಟರ್ ಏರೋಕೆ 1.6 ಸೆಂಟಿಮೀಟರ್ ಸಿಕ್ತು, 800 ಮೀಟರ್, ಇಪ್ಪತ್ತೇಳು ಪರ್ಸೆಂಟ್ ಚಿಲ್ಲರೆ. ಸುತ್ತು ಜಾಸ್ತಿ, ಆದ್ರೆ ಚಿಕ್ಕಮ್ಮ ಕೋಲು ಊರ್ಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಸೊಸೆ ಮೇಲೆ ದೂರು ಹೇಳ್ಕೊಂಡು ಹತ್ತಬಹುದು. ಭಾನುವಾರ ಹಾಗೇ ಹತ್ತಿದ್ರು ಕೂಡ. ಸೊಸೆ ಒಳ್ಳೇ ಹುಡುಗಿ, ದೂರೆಲ್ಲ ಸುಳ್ಳು.

ಆದ್ರೆ ಏಣಿನ ಅರ್ಧದಲ್ಲಿ ಒಂದು ಕರೀ ಬಂಡೆ ಅಡ್ಡ ಬಂತು, ಎರಡಾಳು ಎತ್ತರ, ನೆಟ್ಟಗೆ ಗೋಡೆ, ಮೇಲಿಂದ ನೀರು ತೊಟ್ಟಿಕ್ತಾ ಇತ್ತು. ಹುಡುಗ ನಕ್ಷೆ ಬಿಚ್ಚಿ ನನ್ನ ಕಡೆ ನೋಡ್ದ, ಎಲ್ಲಕ್ಕ ಇದು ಅನ್ನೋ ಹಾಗೆ. ನಕ್ಷೇಲಿ ಅದು ಕಾಣೋದೇ ಇಲ್ಲ. ಗೆರೆಗೂ ಗೆರೆಗೂ 20 ಮೀಟರ್ ಅಂತರ ಇದ್ದಾಗ ಮೂರ್ನಾಲ್ಕು ಮೀಟರ್ ಬಂಡೆ ಎರಡು ಗೆರೆಗಳ ನಡುವೆ ಸುಮ್ನೆ ಕೂತ್ಬಿಡುತ್ತೆ, ಗೆರೆ ಒಂಚೂರೂ ಅಲ್ಲಾಡಲ್ಲ. ಹದಿನೈದು ಮೀಟರಿಂದಾದ್ರೂ ಅಷ್ಟೇ, ಬಂಡೆಯ ಗುರುತು ಪ್ರತ್ಯೇಕವಾಗಿ ಹಾಕಿದ್ರೆ ಮಾತ್ರ ಗೊತ್ತಾಗುತ್ತೆ. ಗೆರೆ ಒತ್ತಾಗಿದ್ರೆ ಕಡಿದು ಅಂತ ನಂಬಬಹುದು, ಗೆರೆ ಬಿಡಿಯಾಗಿದೆ ಅಂತ ನೆಲ ಸಲೀಸು ಅಂತ ನಂಬೋ ಹಾಗಿಲ್ಲ. ಬಲಕ್ಕೆ ಕುರುಚಲು ಹಿಡ್ಕೊಂಡು ಸುತ್ತಿ ಹೋದ್ವಿ, ಚಿಕ್ಕಮ್ಮನ ಸೀರೆ ಸೆರಗು ಮುಳ್ಳಿಗೆ ಸಿಕ್ಕಿ ಹರೀತು, ಅದೂ ಸೊಸೆ ತಪ್ಪೇ ಅಂತೆ.

ನಿನ್ನೆ ರಾತ್ರಿ ಹುಡುಗ ಇನ್ನೊಂದು ಗುಡ್ಡದ ಫೋಟೋ ಕಳಿಸಿದ್ದಾನೆ, ಪಕ್ಕದಲ್ಲಿ ಗೀಟು ಹಾಕಿದ ಪೇಪರ್ ತುಂಡು, "ನೂರು ಪರ್ಸೆಂಟ್ ಮೇಲೆ ಬರ್ತಿದೆ ಅಕ್ಕಾ, ಬೇಡ್ವಾ?" ಅಂತ. ಈ ಸಲ ದುಡ್ಡು ಉಳಿಸೋಕೆ ಆಫೀಸಲ್ಲೇ ಎ-ತ್ರೀ ಹಾಳೇಲಿ ಪ್ರಿಂಟ್ ತೆಗ್ದಿದ್ದಾನೆ. ಪೂರ್ತಿ ಶೀಟು ಆ ಹಾಳೆಗೆ ಕುಗ್ಗಿದ್ರೆ ಮೂಲೇಲಿ 1:50,000 ಅಂತ ಬರೆದಿದ್ದಕ್ಕೆ ಅರ್ಥವೇ ಇರಲ್ಲ, ಕೆಳಗಿನ ಸ್ಕೇಲ್ ಪಟ್ಟಿ ಮಾತ್ರ ನಕ್ಷೆ ಜೊತೆಗೇ ಕುಗ್ಗುತ್ತೆ. ಅದನ್ನ ಅಳೆದು ಹೇಳು ಅಂದೆ. ಒಂದು ಕಿಲೋಮೀಟರ್ ಎರಡು ಸೆಂಟಿಮೀಟರ್ ಇರಬೇಕಾದ್ದು ಒಂದೇ ಇದೆಯಂತೆ. ಅಂದ್ರೆ ಒಂದು ಮಿಲಿಮೀಟರ್ ಅಂದ್ರೆ 50 ಅಲ್ಲ, 100 ಮೀಟರ್. ಏರು ಅಷ್ಟೇ, ದೂರ ಜಾಸ್ತಿ, ಅವನ ನೂರು ಪರ್ಸೆಂಟ್ ಐವತ್ತಕ್ಕೆ ಇಳೀತು. ಚಿಕ್ಕಮ್ಮನಿಗೆ ಅದೂ ಬೇಡ ಅಂತ ಬರೆದಿದ್ದೀನಿ, ಇನ್ನೂ ಬ್ಲೂ ಟಿಕ್ ಬಂದಿಲ್ಲ.