ಐದು ಅಂಕದ್ದೇ ತಲೆನೋವು

ದ್ಯುತಿಸಂಶ್ಲೇಷಣೆಯ ಉದ್ದನೆಯ ಮಾದರಿ ಉತ್ತರ ಇಟ್ಕೊಂಡು ಕೂತಿದ್ದೆ ಇವತ್ತು. ಅದರಿಂದ ಪರೀಕ್ಷೆಯ ಎರಡು ಅಂಕಕ್ಕೊಂದು, ಐದಕ್ಕೊಂದು, ಹತ್ತಕ್ಕೊಂದು ಉತ್ತರ ಬರೀಬೇಕಿತ್ತು.

ಎರಡು ಅಂಕದ್ದು ಬೇಗ ಮುಗೀತು. ಹಸಿರು ಸಸ್ಯಗಳು ಬೆಳಕಿನ ಶಕ್ತಿ ಬಳಸಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಗ್ಲೂಕೋಸ್ ತಯಾರಿಸುವ ಕ್ರಿಯೆ. ಕೆಳಗೆ ಸಮೀಕರಣ:

6CO₂ + 6H₂O → C₆H₁₂O₆ + 6O₂

ಅಷ್ಟೇ. ಪೀಠಿಕೆಗೆ ಜಾಗವೇ ಇಲ್ಲ.

ಪೇಚಾಟ ಶುರುವಾಗೋದು ಐದರಲ್ಲಿ. ಉದ್ದನೆಯ ಉತ್ತರವನ್ನ ಅರ್ಧಕ್ಕೆ ಕತ್ತರಿಸಿದ್ರೆ ಬೆಳಕಿನ ಕ್ರಿಯೆ ಪೂರ್ತಿ ಉಳಿಯುತ್ತೆ, ಕತ್ತಲ ಕ್ರಿಯೆ ಮಾಯ. ಸಕ್ಕರೆ ಆಗೋದೇ ಅಲ್ಲಿ ಮಾರಾಯ್ರೇ!

ಅದಕ್ಕೆ ಕತ್ತರಿ ಬಿಟ್ಟು, ಎರಡು ಅಂಕದ್ದನ್ನೇ ಹಿಗ್ಗಿಸಿದೆ. ಥೈಲಕಾಯ್ಡ್ ಪೊರೆಯಲ್ಲಿ ನೀರು ಒಡೆದು ಆಮ್ಲಜನಕ ಹೊರಗೆ ಹೋಗುತ್ತೆ, ಎಟಿಪಿ ಮತ್ತು ಎನ್‌ಎಡಿಪಿಎಚ್ ತಯಾರಾಗುತ್ತವೆ. ಸ್ಟ್ರೋಮಾದಲ್ಲಿ ಅವೆರಡನ್ನೂ ಖರ್ಚು ಮಾಡಿ ಇಂಗಾಲದ ಡೈಆಕ್ಸೈಡ್ ಸಕ್ಕರೆಯಾಗುತ್ತೆ. ಎಲ್ಲಿ, ಏನು ಒಳಗೆ, ಏನು ಹೊರಗೆ: ಎರಡೂ ಹಂತಕ್ಕೆ ಇಷ್ಟೇ. ಕತ್ತಲ ಕ್ರಿಯೆ ನಡೆಯೋ ಕ್ಯಾಲ್ವಿನ್ ಚಕ್ರದ ಹೆಸರು ಬರುತ್ತೆ, ಅದರ ಒಳಗಿನ ಹಂತಗಳು ಬರಲ್ಲ.

ಆ ಹಂತಗಳು ಹತ್ತು ಅಂಕದ ಆಸ್ತಿ. ಇಂಗಾಲದ ಸ್ಥಿರೀಕರಣ, ಅಪಕರ್ಷಣ, ಆರ್‌ಯುಬಿಪಿಯ ಮರುಉತ್ಪತ್ತಿ. ಜೊತೆಗೆ ಬೆಳಕು, ತಾಪಮಾನದಂಥ ಅಂಶಗಳು, ಕ್ಲೋರೋಪ್ಲಾಸ್ಟ್ ಚಿತ್ರ.

ಚಿತ್ರದಲ್ಲಿ ನಾನು ಗುರುತಿಸಿದ್ದು ಉತ್ತರದಲ್ಲಿ ಹೆಸರು ಬಂದ ಭಾಗಗಳನ್ನ ಮಾತ್ರ. ಗ್ರಾನಾ ಅಂತ ಬಾಣ ಹಾಕಿ, ಬರಹದಲ್ಲಿ ಅದರ ಸುದ್ದಿಯೇ ಇಲ್ಲ ಅಂದ್ರೆ ಆ ಬಾಣ ಯಾಕೆ?