ಪಾಟ್‌ಲಕ್ ಲಾಗ್ 3: ನಾಲ್ಕು ಹೆಸರು, ಒಂದೇ ಬದನೆಕಾಯಿ

ಮನೆಗೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ನಮ್ಮ ಪಾಟ್‌ಲಕ್ಕಿನಲ್ಲಿ ಹೋದ ಸಲ ಎಲ್ಲಿ ಎಡವಿದ್ದೆ ಅಂತ ಕೊನೆಗೂ ಗೊತ್ತಾಯಿತು. ಹುಬ್ಬಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ 22 ಮನೆ, ಊಟಕ್ಕೆ ಸುಮಾರು 70 ಜನ. ಯಾರು ಏನು ತರುತ್ತಾರೆ ಅಂತ ಬರೆಯಲು ಶೀಟ್ ಮಾಡಿ ಗ್ರೂಪಿಗೆ ಹಾಕುವುದು, ಮೂರು ಸಲ ನೆನಪಿಸಿ ಬೈಸಿಕೊಳ್ಳುವುದು ಎಲ್ಲ ನಿಮಗೂ ಗೊತ್ತಿರುವುದೇ. ಸೀದಾ ಬದನೆಕಾಯಿಗೆ ಬರುತ್ತೇನೆ.

ಅಡುಗೆಯ ಹೆಸರು ಎರಡು ಸಲ ಬಂದರೆ ಸಾಲು ಕೆಂಪಾಗುವ ಹಾಗೆ ಮಾಡಿದ್ದೆ. ಒಂದೂ ಕೆಂಪಾಗಲಿಲ್ಲ, ಆರಾಮಾಗಿ ಮಲಗಿದೆ. ಮರುದಿನ ನಾಲ್ಕು ಡಬ್ಬಿ ತೆರೆದರೆ ನಾಲ್ಕರಲ್ಲೂ ಅದೇ: ಸೀಳಿದ ಬದನೆಕಾಯಿ, ಹೊಟ್ಟೆ ತುಂಬ ಶೇಂಗಾ ಪುಡಿ, ಮೇಲೆ ತೇಲುವ ಎಣ್ಣೆ. ಶೀಟಿನಲ್ಲಿ ಒಬ್ಬರು ‘ಎಣ್ಣೆಗಾಯಿ’ ಅಂತ ಬರೆದಿದ್ದರು. ಇನ್ನೊಬ್ಬರು ‘ತುಂಬುಗಾಯಿ’, ಮತ್ತೊಬ್ಬರು ‘ಮುಳಗಾಯಿ ಪಲ್ಯ’. ಎರಡನೇ ಮಹಡಿಯ ಕಾಕು ‘ನಮ್ಮ ಸ್ಪೆಷಲ್’ ಅಂತ! ಕಂಪ್ಯೂಟರ್ ಪಾಪ ಏನು ಮಾಡೀತು?

ಅದೂ ಹೋಗಲಿ ಅನ್ನಬಹುದಿತ್ತು. ನಮ್ಮಲ್ಲಿ ಜೈನರ ಮನೆ ಎರಡಿವೆ. ಅವರು ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ ತಿನ್ನುವುದಿಲ್ಲ. ಬೀಜ ಜಾಸ್ತಿ ಅಂತ ಬದನೆಕಾಯಿಯನ್ನೂ ಬಿಟ್ಟಿದ್ದಾರೆ. ನಾನೋ ‘ಎಲ್ಲಾ ವೆಜ್’ ಅಂತ ಹೆಮ್ಮೆಯಿಂದ ಮೇಲೆ ಬರೆದಿದ್ದೆ. ಆ ಅಣ್ಣಾರು ನಾಲ್ಕು ಡಬ್ಬಿ ನೋಡಿ ನಕ್ಕು, ‘ನಮಗ ಮೊಸರನ್ನ ಸಾಕ್ರೀ’ ಅಂದರು. ನನಗೆ ತುತ್ತು ಇಳಿಯಲಿಲ್ಲ.

ಈ ಸಲ ಹೆಸರಿನ ಕಾಲಮ್ಮನ್ನು ನಂಬುವುದೇ ಬಿಟ್ಟೆ. ಅದು ಇರಲಿ, ಮನೆಯವರ ಸಂತೋಷಕ್ಕೆ. ಪಕ್ಕದಲ್ಲಿ ‘ಮುಖ್ಯ ತರಕಾರಿ ಅಥವಾ ಕಾಳು’ ಅಂತ ಇನ್ನೊಂದು ಕಾಲಮ್ ಹಾಕಿದೆ. ಅಲ್ಲಿ ಬರೆಯುವ ಹಾಗಿಲ್ಲ, ಡ್ರಾಪ್‌ಡೌನಿನಿಂದ ಆರಿಸಬೇಕು. ಎಣಿಕೆ ಅದರ ಮೇಲೆ:

```
=COUNTIF(D$2:D$23,D2)
```

ಹಳೆಯ ಪಟ್ಟಿಯನ್ನೇ ಇದರಲ್ಲಿ ತುಂಬಿಸಿ ನೋಡಿದೆ. ಬದನೆಕಾಯಿಯ ನಾಲ್ಕೂ ಸಾಲಿನಲ್ಲಿ 4 ಅಂತ ಬಂತು. ರಾತ್ರಿ ಹನ್ನೊಂದಕ್ಕೆ ಒಬ್ಬನೇ ಚಪ್ಪಾಳೆ ತಟ್ಟಿದೆ.

ಅದರ ಮುಂದೆ ಟಿಕ್ ಹಾಕುವ ಮೂರು ಕಾಲಮ್: ಉಳ್ಳಾಗಡ್ಡಿ-ಬೆಳ್ಳುಳ್ಳಿ, ಗಡ್ಡೆ, ಶೇಂಗಾ. ಮೂರನೆಯದು ಮೇಲಿನ ಮಹಡಿಯ ಹುಡುಗನಿಗಾಗಿ. ಅವನಿಗೆ ಶೇಂಗಾ ಅಲರ್ಜಿ. ನಮ್ಮ ಕಡೆ ಶೇಂಗಾ ಇಲ್ಲದ ಅಡುಗೆ ಹುಡುಕುವುದು ಅಂದರೆ ಗೊತ್ತಲ್ಲ. ಒಬ್ಬ ಅಕ್ಕಾರು ಚವಳಿಕಾಯಿ ಪಲ್ಯ ಬರೆದು ಟಿಕ್ ಖಾಲಿ ಬಿಟ್ಟರು. ಸುಮ್ನೆ ಅನುಮಾನಕ್ಕೆ ಫೋನ್ ಮಾಡಿದೆ.

‘ಶೇಂಗಾ ಹಾಕಂಗಿಲ್ಲೇನ್ರೀ ಅಕ್ಕಾರ?’

‘ಪುಡಿ ಹಾಕಂಗಿಲ್ರೀ. ಒಗ್ಗರಣಿಗೆ ಗಾಣದ ಎಣ್ಣಿ ಅಷ್ಟ.’

ನಮ್ಮ ಕಡೆ ಗಾಣದ ಎಣ್ಣೆ ಅಂದರೆ ಹೆಚ್ಚಾಗಿ ಶೇಂಗಾ ಎಣ್ಣೆಯೇ! ಪೂರ್ತಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನ್ ಹೆಚ್ಚುಕಡಿಮೆ ಹೋಗಿರುತ್ತದೆ. ಗಾಣದ್ದರಲ್ಲಿ ಅದು ಉಳಿಯುತ್ತದೆ. ಆದ್ದರಿಂದ ಕಾಲಮ್ಮಿನ ಹೆಸರು ಈಗ ‘ಶೇಂಗಾ (ಎಣ್ಣೆ ಸೇರಿ)’. ಆ ಹುಡುಗನ ಊಟಕ್ಕೆ ಬೇರೆ ಟೇಬಲ್, ಬೇರೆ ಸೌಟು, ಎಲ್ಲರಿಗಿಂತ ಮೊದಲು ಅವನಿಗೇ ಬಡಿಸುವುದು. ಶೇಂಗಾ ಚಟ್ನಿಯ ಚಮಚ ಒಂದು ಸಲ ಹೆಸರುಕಾಳಿಗೆ ಬಿದ್ದರೆ ನನ್ನ ಶೀಟ್ ಎಷ್ಟು ಚೆಂದ ಇದ್ದರೇನು?

ರೊಟ್ಟಿ ಮಾತ್ರ ಹೊರಗಿನಿಂದ. ತಲೆಗೆ ಎರಡರಂತೆ 140, ಕೈಗೆ ಹತ್ತು ಜಾಸ್ತಿ. ಹೋದ ಸಲ ಮೆತ್ತನ್ನವು ಹೇಳಿದ್ದೆ, ಬಂದದ್ದು ಕಟಕ್ ರೊಟ್ಟಿ. ಕೇಳಿದರೆ ‘ಕೆಡಂಗಿಲ್ರೀ ಸರ್, ವಾರ ಇಟ್ಟು ತಿನ್ರಿ’ ಅಂತ ಸಮಾಧಾನ! ಹಲ್ಲಿಲ್ಲದ ಆಯಿಯೊಬ್ಬರು ಅದನ್ನು ಮಜ್ಜಿಗೆಯಲ್ಲಿ ನೆನೆಸಿ ತಿಂದರು. ಈ ಸಲ ‘ಮೆತ್ತನ್ನ’ ಅಂತ ಬರೆದು ಕಳಿಸಿದ್ದೇನೆ.

ಅಂದಹಾಗೆ ಮುಂದಿನದು ಶೀಗಿ ಹುಣ್ಣಿಮೆಗೆ ಟೆರೇಸಿನ ಮೇಲೆ ಬೆಳದಿಂಗಳ ಊಟ. ಈಗಲೇ ಒಂದು ಗಂಟು ಕಾಣುತ್ತಿದೆ. ಜೈನರ ಮನೆಯವರು ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು, ಉಳಿದವರು ಚಂದ್ರ ಮೇಲೆ ಬರುವ ತನಕ ಕಾಯಬೇಕು. ಐದಕ್ಕೇ ಒಂದು ಪಂಕ್ತಿ ಇಟ್ಟು, ಉಳ್ಳಾಗಡ್ಡಿ-ಗಡ್ಡೆ ಇಲ್ಲದ ಅಡುಗೆಯವರೆಲ್ಲ ನಾಲ್ಕೂವರೆಗೇ ತರಬೇಕು ಅಂತ ಯೋಚಿಸಿದ್ದೇನೆ. ಶೀಟಿಗೆ ಹೊತ್ತಿನ ಕಾಲಮ್ ಬೇರೆ ಬೇಕು. ಅದಿರಲಿ, ಮೊದಲು ಈ ಭಾನುವಾರ ದಾಟಬೇಕು.

ನಿನ್ನೆಯ ತನಕ 19 ಸಾಲು ತುಂಬಿವೆ. ಬದನೆಕಾಯಿ ಒಂದೇ. ಕಾಕುಗೆ ಫೋನ್ ಮಾಡಿ, ‘ಎಣ್ಣೆಗಾಯಿ ಆಗ್ಲೇ ಬಂದದ ಕಾಕು, ಬ್ಯಾರೆ ಏನರ ಮಾಡ್ರಿ’ ಅಂದೆ. ‘ಆಗ್ಲೆಪಾ’ ಅಂದರು. ರಾತ್ರಿ ನೋಡಿದರೆ ಅವರ ಸಾಲಿನಲ್ಲಿ ತರಕಾರಿ ಡೊಣ್ಣ ಮೆಣಸಿನಕಾಯಿ, ಎಣಿಕೆ 1, ಕೆಂಪಿಲ್ಲ. ಹೆಸರಿನ ಕಾಲಮ್ಮಿನಲ್ಲಿ ‘ನಮ್ಮ ಸ್ಪೆಷಲ್’. ಶೇಂಗಾ ಟಿಕ್ ಇದೆ, ಉಳ್ಳಾಗಡ್ಡಿ ಟಿಕ್ ಇದೆ. ಒಳಗೆ ತುಂಬುವ ಮಸಾಲೆ ಅದೇ, ಕಾಯಿ ಮಾತ್ರ ಬದಲು.