ಹದಿಮೂರನೇ ಕಂತು

ನಮ್ಮ ಅಕ್ಕ-ಭಾವ ಮೆಲ್ಬರ್ನ್‌ನಲ್ಲಿದ್ದಾರೆ. ಹೋದ ವರ್ಷ ಊರಿಗೆ ಬಂದಾಗ ಶಿವಮೊಗ್ಗದ ನಮ್ಮ ಹೊಸ ಮನೆಯಲ್ಲೇ ಉಳಿದುಕೊಂಡಿದ್ದರು. ಊಟ ಆದಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಸಾಲದ ವಿಷಯ ಬಂತು. ಭಾವ ಹೇಳಿದರು: "ನಾವು ತಿಂಗಳ ಕಂತು ಕಟ್ಟೋದೇ ಇಲ್ಲ ಮಾರಾಯ. ಅದರ ಅರ್ಧವನ್ನ ಎರಡು ವಾರಕ್ಕೊಂದ್ಸಲ ಕಟ್ತೀವಿ. ಇಪ್ಪತ್ತು ವರ್ಷದ ಸಾಲ ಹದಿನಾರು-ಹದಿನೇಳಕ್ಕೇ ಮುಗಿಯತ್ತೆ."

ನನಗೆ ಇದು ನಂಬುವಂಥದ್ದು ಅನ್ನಿಸಲಿಲ್ಲ. ಅದೇ ದುಡ್ಡು, ಎರಡು ಭಾಗ ಮಾಡಿ ಕಟ್ಟಿದರೆ ಮೂರು-ನಾಲ್ಕು ವರ್ಷ ಹೇಗೆ ಹಾರಿಹೋಗತ್ತೆ? ಭಾವ ಸುಳ್ಳು ಹೇಳುವವರಲ್ಲ. ಆದರೆ ಕಾರಣ ಕೇಳಿದರೆ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಬ್ಯಾಂಕಿನವರು ಹೇಳಿದ್ರು, ಮಾಡಿದ್ವಿ" ಅಂದರು.

ನನ್ನ ಸಾಲ 30 ಲಕ್ಷ, ಬಡ್ಡಿ ಶೇ. 8.5, ಅವಧಿ 20 ವರ್ಷ. ತಿಂಗಳ ಕಂತು 26,035 ರೂಪಾಯಿ. ಮೊದಲ ಕಂತಿನ ಸ್ಟೇಟ್‌ಮೆಂಟ್ ನೋಡಿದಾಗ ಹೊಟ್ಟೆ ಉರಿದಿತ್ತು. 26,035ರಲ್ಲಿ 21,250 ಬಡ್ಡಿಗೇ ಹೋಗಿತ್ತು. ಅಸಲಿಗೆ ಸೇರಿದ್ದು 4,785 ಮಾತ್ರ. ಹೀಗೇ 20 ವರ್ಷ ಕಟ್ಟಿದರೆ ಬಡ್ಡಿಯೇ ಸುಮಾರು 32 ಲಕ್ಷ 48 ಸಾವಿರ. ಅಂದರೆ ಮನೆಗೆ ತಗೊಂಡ ಸಾಲಕ್ಕಿಂತ ಬಡ್ಡಿಯೇ ಜಾಸ್ತಿ.

ಆ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ. ಸ್ಪ್ರೆಡ್‌ಶೀಟಿನಲ್ಲಿ ಎಷ್ಟು ಕಂತಿಗೆ ಸಾಲ ಮುಗಿಯತ್ತೆ ಅಂತ ಹೇಳುವ ಸೂತ್ರ ಒಂದಿದೆ. ಮೊದಲ ಸಾಲು ತಿಂಗಳ ಕಂತಿನದ್ದು, ಎರಡನೆಯದು 14 ದಿನಕ್ಕೊಮ್ಮೆ ಕಟ್ಟುವ ಅರ್ಧ ಕಂತಿನದ್ದು:

```
=NPER(8.5%/12, -26035, 3000000)
=NPER(8.5%*14/365, -13017.5, 3000000)
```

ಮೊದಲನೆಯದಕ್ಕೆ ಹೆಚ್ಚುಕಡಿಮೆ 240 ಬಂತು. ಎರಡನೆಯದಕ್ಕೆ 427 ಮತ್ತು ಚಿಲ್ಲರೆ. 427 ಸಲ 14 ದಿನ ಅಂದರೆ ಹತ್ತಿರ ಹತ್ತಿರ 16 ವರ್ಷ 5 ತಿಂಗಳು. ಭಾವ ಹೇಳಿದ್ದು ನಿಜವೇ ಆಗಿತ್ತು. ಬಡ್ಡಿಯಲ್ಲಿ ಉಳಿಯುವುದು ಸುಮಾರು 6 ಲಕ್ಷ 80 ಸಾವಿರ.

ಹಾಗಾದರೆ ಈ ಉಳಿತಾಯ ಎಲ್ಲಿಂದ ಬಂತು? ಅದನ್ನು ಹುಡುಕಲು ಲೆಕ್ಕವನ್ನು ಸ್ವಲ್ಪ ಬದಲಿಸಿದೆ. 14 ದಿನಕ್ಕೊಮ್ಮೆ ಬೇಡ, ತಿಂಗಳಿಗೆ ಎರಡು ಸಲ ಅಂತ ಇಟ್ಟೆ. 5ನೇ ತಾರೀಖು ಕಟ್ಟಬೇಕಾದ ಕಂತಿನ ಅರ್ಧವನ್ನು ಹದಿನೈದು ದಿನ ಮೊದಲೇ ಕಟ್ಟಿಬಿಡುವುದು, ಉಳಿದರ್ಧ 5ಕ್ಕೆ. ನೋಡಿದರೆ ಇಪ್ಪತ್ತು ವರ್ಷದಲ್ಲಿ ಕಡಿಮೆಯಾಗಿದ್ದು ಒಂದೇ ಒಂದು ತಿಂಗಳು! ಉಳಿದ ಬಡ್ಡಿ 28 ಸಾವಿರದ ಆಸುಪಾಸು. 13 ಸಾವಿರ ರೂಪಾಯಿಯನ್ನು ಹದಿನೈದು ದಿನ ಮುಂಚೆ ಕಟ್ಟಿದರೆ ಬ್ಯಾಂಕಿನಲ್ಲಿ ತಿಂಗಳಿಗೆ ಉಳಿಯುವ ಬಡ್ಡಿ 45 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲಲ್ಲ.

ಗುಟ್ಟು ಅಲ್ಲೇ ಇತ್ತು. ವರ್ಷಕ್ಕೆ 52 ವಾರ. ಎರಡು ವಾರಕ್ಕೊಮ್ಮೆ ಕಟ್ಟಿದರೆ 26 ಅರ್ಧ ಕಂತು, ಅಂದರೆ 13 ಪೂರ್ತಿ ಕಂತು. ತಿಂಗಳಿಗೆ ಎರಡು ಸಲ ಕಟ್ಟಿದರೆ 24 ಅರ್ಧ, ಅಂದರೆ ಮಾಮೂಲಿ 12 ಕಂತೇ. ನಾವು 'ಹದಿನೈದು ದಿನಕ್ಕೊಮ್ಮೆ' ಅಂತ ಬಾಯಿಮಾತಿಗೆ ಎರಡನ್ನೂ ಒಂದೇ ಅಂದುಕೊಳ್ಳುತ್ತೇವೆ. ಆದರೆ ಆರು ಲಕ್ಷ ಚಿಲ್ಲರೆ ಉಳಿಸುವುದು ಆ ಹದಿಮೂರನೇ ಕಂತು. ಅರ್ಧ ಮಾಡಿ ಕಟ್ಟುವುದು ಬರೀ ಒಗ್ಗರಣೆ.

ಇದು ಪುಕ್ಕಟೆ ಉಳಿತಾಯವೂ ಅಲ್ಲ. ವರ್ಷಕ್ಕೆ 26,035 ರೂಪಾಯಿ ನಾವೇ ಜಾಸ್ತಿ ಕಟ್ಟುತ್ತೇವೆ. ಆದರೆ ಜಾಸ್ತಿ ಕಟ್ಟಿದ್ದು ಅಷ್ಟೂ ನೇರ ಅಸಲಿಗೆ ಹೋಗತ್ತೆ. ಅದರಲ್ಲಿ ಬಡ್ಡಿಯ ಪಾಲಿಲ್ಲ, ಯಾಕೆಂದರೆ ಆ ತಿಂಗಳ ಬಡ್ಡಿಯನ್ನು ಮಾಮೂಲಿ ಕಂತು ಆಗಲೇ ತೀರಿಸಿರುತ್ತದೆ. ಮೊದಲ ವರ್ಷದ ಕೊನೆಗೆ ಒಂದು ಕಂತು ಹೆಚ್ಚಿಗೆ ಹಾಕಿದರೆ, ಸಾಲದ ಕೊನೆಯಲ್ಲಿ ಸುಮಾರು 5 ಕಂತು ಉದುರಿಹೋಗುತ್ತವೆ. ಅದೇ ಹದಿನೈದನೇ ವರ್ಷ ಹಾಕಿದರೆ ಒಂದೂವರೆ ಕಂತು ಉದುರಿದರೆ ಹೆಚ್ಚು.

ಭಾವನಿಗೆ ಅಲ್ಲಿ ಸಂಬಳವೇ ಎರಡು ವಾರಕ್ಕೊಮ್ಮೆ ಬರುತ್ತದೆ. ಅದಕ್ಕೇ ಅವರಿಗೆ ಹದಿಮೂರನೇ ಕಂತು ಕಟ್ಟಿದ್ದು ಗೊತ್ತೇ ಆಗಿಲ್ಲ. ನನಗೆ ಸಂಬಳ ತಿಂಗಳ ಮೊದಲ ದಿನ, ಒಂದೇ ಸಲ. ಎರಡು ವಾರಕ್ಕೊಮ್ಮೆ ಅಂತ ಹೊರಟರೆ ವರ್ಷದಲ್ಲಿ ಎರಡು ತಿಂಗಳು ಮೂರು ಅರ್ಧ ಕಂತು ಬೀಳುತ್ತದೆ. ಆ ತಿಂಗಳು ಶಾಲೆಯ ಫೀಸಿನ ತಿಂಗಳೇ ಆದರೆ ಮುಗೀತು ಕಥೆ.

ಆದರೂ ಒಂದು ಸಲ ಕೇಳಿಬಿಡೋಣ ಅಂತ ಮಳೆಯಲ್ಲೇ ಬ್ಯಾಂಕಿಗೆ ಹೋದೆ. ಸಾಲದ ವಿಭಾಗದಲ್ಲಿ ಕೂತಿದ್ದ ಮೇಡಂ ತಾಳ್ಮೆಯವರು. ನಾನು ಪೂರ್ತಿ ಹೇಳುವ ತನಕ ಕೇಳಿಸಿಕೊಂಡರು.

"ಅರ್ಧ ಕಂತು ತಗೊಳ್ಳೋ ವ್ಯವಸ್ಥೆ ನಮ್ಮಲ್ಲಿಲ್ಲ ಸರ್. ನೀವು ಮಧ್ಯದಲ್ಲಿ ಎಷ್ಟೇ ಹಾಕಿ, 5ನೇ ತಾರೀಖು ನಿಮ್ಮ ಖಾತೆಯಿಂದ ಪೂರ್ತಿ ಕಂತನ್ನೇ ಸಿಸ್ಟಮ್ ಎಳೆಯತ್ತೆ. ಅರ್ಧ ಕಟ್ಟಿದ್ದೀನಲ್ಲ ಅಂತ ಖಾತೆಯಲ್ಲಿ ಇನ್ನರ್ಧ ಮಾತ್ರ ಇಟ್ಟಿದ್ರೆ ಬೌನ್ಸ್. ಆ ಚಾರ್ಜು ಬೇರೆ, ಸಿಬಿಲ್ ಸ್ಕೋರಿಗೂ ಪೆಟ್ಟು."

"ಹಾಗಾದ್ರೆ ಮಧ್ಯದಲ್ಲಿ ಹಾಕಿದ ದುಡ್ಡು ಎಲ್ಲಿಗೆ ಹೋಗತ್ತೆ ಮೇಡಂ?"

"ಅದೇ ನೋಡಿ, ಎಲ್ಲರೂ ಬಿಟ್ಟುಬಿಡೋ ಪ್ರಶ್ನೆ" ಅಂದರು. ಪಾರ್ಟ್ ಪೇಮೆಂಟ್ ಅಂತ ಬರೆದುಕೊಟ್ಟು ಹಾಕಿದರೆ ಅಸಲು ಅವತ್ತೇ ಇಳಿಯತ್ತೆ. ಏನೂ ಹೇಳದೆ ಹಾಕಿದರೆ ಕೆಲವು ಕಡೆ ಅದು ಮುಂದಿನ ಕಂತಿನ ಮುಂಗಡ ಅಂತ ಸುಮ್ನೆ ಕೂತಿರತ್ತೆ. ದುಡ್ಡು ಹೋಗಿರತ್ತೆ, ಬಡ್ಡಿ ಮಾತ್ರ ಹಳೇ ಬಾಕಿಯ ಮೇಲೆಯೇ ಓಡುತ್ತಿರತ್ತೆ.

ಆಮೇಲೆ ಅವರು ನನ್ನ ಸ್ಟೇಟ್‌ಮೆಂಟ್ ತಗೊಂಡು ಪೆನ್ಸಿಲ್ಲಿನಲ್ಲಿ ಒಂದು ಕಾಲಂ ಗುರುತು ಮಾಡಿದರು. ಬಾಕಿ ಅಸಲಿನ ಕಾಲಂ. ಹೆಚ್ಚಿಗೆ ದುಡ್ಡು ಹಾಕಿದ ದಿನದ ಸಾಲಿನಲ್ಲೇ ಆ ಅಂಕಿ ಅಷ್ಟೂ ಇಳಿದಿರಬೇಕು. 26,035 ಹಾಕಿದರೆ ಸರಿಯಾಗಿ 26,035 ಇಳಿಯಬೇಕು. ಇಳಿಯದೆ ಕಂತಿನ ತಾರೀಖಿನ ತನಕ ಹಾಗೇ ಇದ್ದರೆ ಮುಂಗಡಕ್ಕೆ ಹೋಗಿದೆ ಅಂತಲೇ ಅರ್ಥ, ತಕ್ಷಣ ಶಾಖೆಗೆ ಬಂದು ಹೇಳಬೇಕು.

ಇನ್ನೊಂದು ಪ್ರಶ್ನೆ ಅವರೇ ಕೇಳಿದರು. "ಪಾರ್ಟ್ ಪೇಮೆಂಟ್ ಆದ್ಮೇಲೆ ಕಂತು ಕಡಿಮೆ ಮಾಡ್ಬೇಕಾ, ಅವಧಿ ಕಡಿಮೆ ಮಾಡ್ಬೇಕಾ?" ಕಂತು ಇಳಿಸಿಕೊಂಡರೆ ತಿಂಗಳಿಗೆ ಇನ್ನೂರು ಚಿಲ್ಲರೆ ಕೈಗೆ ಉಳಿಯತ್ತೆ, ಸಾಲ ಮಾತ್ರ ಇಪ್ಪತ್ತು ವರ್ಷವೂ ಇರತ್ತೆ. ಬೇಗ ಮುಗಿಸಬೇಕು ಅನ್ನುವವರು ಕಂತು ಹಾಗೇ ಇಟ್ಟು ಅವಧಿ ಇಳಿಸಿ ಅಂತ ಬರೆದುಕೊಡಬೇಕು. ನಾನು ಅವಧಿ ಅಂತಲೇ ಬರೆದೆ.

ದಂಡದ ಭಯವೂ ಇತ್ತು. ಅದಕ್ಕೆ ಅವರು ನಕ್ಕರು. ನನ್ನದು ಫ್ಲೋಟಿಂಗ್ ದರದ ಗೃಹಸಾಲ. ಅಂಥ ಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಸ್ಥಿರ ದರದ ಸಾಲ ಇರುವವರು ಮಾತ್ರ ತಮ್ಮ ಕರಾರುಪತ್ರ ಓದಿಕೊಂಡೇ ಕೈ ಹಾಕಬೇಕು.

ಮನೆಗೆ ಬಂದು ಕೊನೆಯ ಲೆಕ್ಕ ಮಾಡಿದೆ. ಎರಡು ವಾರದ ಗೊಡವೆಯೇ ಬೇಡ, ತಿಂಗಳ ಕಂತು ಮಾಮೂಲಿಯಂತೆ ಹೋಗಲಿ, ವರ್ಷದ ಕೊನೆಗೆ ಒಂದು ಕಂತು ಹೆಚ್ಚಿಗೆ ಹಾಕಿದರೆ? ಸಾಲ 16 ವರ್ಷ 9 ತಿಂಗಳಿಗೆ ಮುಗಿಯತ್ತೆ, ಉಳಿತಾಯ 6 ಲಕ್ಷ 17 ಸಾವಿರ. ಅದೇ ಹದಿಮೂರನೇ ಕಂತನ್ನು ಹನ್ನೆರಡು ಪಾಲು ಮಾಡಿ ತಿಂಗಳಿಗೆ 2,170 ರೂಪಾಯಿ ಜಾಸ್ತಿ ಕಟ್ಟಿದರೆ ಇನ್ನೆರಡು ತಿಂಗಳು ಮುಂಚೆ ಮುಗಿಯತ್ತೆ, 6 ಲಕ್ಷ 53 ಸಾವಿರ ಉಳಿಯತ್ತೆ. ಭಾವನ ಪದ್ಧತಿಯಲ್ಲಿ 6 ಲಕ್ಷ 80 ಸಾವಿರ. ಮೂರೂ ಒಂದೇ ಬಳಗದವು. ವ್ಯತ್ಯಾಸಕ್ಕೆ ಕಾರಣ ದುಡ್ಡು ಎಷ್ಟು ಬೇಗ ಬ್ಯಾಂಕು ಸೇರಿತು ಅನ್ನುವುದಷ್ಟೇ. ಅದೂ ಬಡ್ಡಿಯನ್ನು ದಿನದ ಬಾಕಿಯ ಮೇಲೆ ಹಾಕುವ ಬ್ಯಾಂಕಿನಲ್ಲಿ. ತಿಂಗಳಿಗೊಂದೇ ದಿನದ ಬಾಕಿ ನೋಡಿ ಬಡ್ಡಿ ಹಾಕುವ ಕಡೆ, ಮಧ್ಯದಲ್ಲಿ ಅರ್ಧ ಕಟ್ಟಿ ಏನೂ ಪ್ರಯೋಜನವಿಲ್ಲ.

ನಾನು ಆರಿಸಿಕೊಂಡದ್ದು ಮೂರರಲ್ಲಿ ಕಡಿಮೆ ಉಳಿಸುವ ದಾರಿಯನ್ನೇ. ತೀರ್ಥಹಳ್ಳಿ ಹತ್ತಿರ ನಮಗೊಂದು ಸಣ್ಣ ಅಡಿಕೆ ತೋಟವಿದೆ, ಅಣ್ಣ ನೋಡಿಕೊಳ್ಳುತ್ತಾನೆ. ಕೊಯ್ಲು ಮುಗಿದು, ಬೇಯಿಸಿ ಒಣಗಿಸಿ, ಅಡಿಕೆ ಮಂಡಿಗೆ ಹೋದಮೇಲೆ ನನ್ನ ಪಾಲು ಕೈಗೆ ಬರುತ್ತದೆ. ಹದಿಮೂರನೇ ಕಂತಿಗೆ ಅದೇ ಸರಿಯಾದ ದುಡ್ಡು. ಸಂಬಳಕ್ಕೆ ಕೈ ಹಚ್ಚುವುದೇ ಬೇಡ. ಪಾಲು ಬಂದ ವಾರವೇ ಹಾಕಿಬಿಡಬೇಕು ಅನ್ನುವುದೊಂದೇ ನಿಯಮ. ಉಳಿತಾಯ ಖಾತೆಯಲ್ಲಿ ಇಟ್ಟುಕೊಂಡರೆ ಅದು ಮನೆಯ ಪೇಂಟಿಗೋ ಮದುವೆಯ ಉಡುಗೊರೆಗೋ ಕರಗಿಹೋಗತ್ತೆ.

ಹೆಂಡತಿ ಕೇಳಿದಳು, "ಅಷ್ಟೆಲ್ಲ ಲೆಕ್ಕ ಮಾಡಿ ಮೂವತ್ತಾರು ಸಾವಿರ ಯಾಕೆ ಬಿಟ್ಟುಕೊಡ್ತೀರಿ? ತಿಂಗಳು ತಿಂಗಳು ಹಾಕೋಕೆ ಬ್ಯಾಂಕಿಗೇ ಹೇಳಿಬಿಡಿ." ನ್ಯಾಯವಾದ ಮಾತೇ. ಆದರೆ ಬ್ಯಾಂಕಿಗೆ ಒಮ್ಮೆ ಹಾಕಿದ ಪಾರ್ಟ್ ಪೇಮೆಂಟ್ ಬೇಕು ಅಂದಾಗ ವಾಪಸ್ ಸಿಗಲ್ಲ. ಕಂತನ್ನೇ ಏರಿಸಿಕೊಂಡರೆ ಕೈ ಬಿಗಿಯಾದ ತಿಂಗಳಲ್ಲೂ ಕಟ್ಟಲೇಬೇಕು. ಮಲೆನಾಡಿನಲ್ಲಿ ತೋಟದ ದುಡ್ಡು ನಂಬಿದವನಿಗೆ ಇದ್ದಷ್ಟೇ ಹಾಕುವ ಸಡಿಲಿಕೆ ಬೇಕಾಗುತ್ತದೆ.

ಈ ಸಲ ಅದೇ ಆಯಿತು. ಆಷಾಢದಲ್ಲಿ ಮಳೆ ಬಿಡಲೇ ಇಲ್ಲ. ಎರಡನೇ ಸುತ್ತು ಬೋರ್ಡೋ ದ್ರಾವಣ ಹೊಡೆಯಲು ಬಿಡುವೇ ಸಿಗದೆ ಕೊಳೆ ರೋಗ ಬಂತು, ಗೊನೆಯಿಂದ ಹಸಿ ಕಾಯಿ ಉದುರಿತು. ನನ್ನ ಪಾಲು ಅರ್ಧಕ್ಕಿಳಿಯಿತು. ಹದಿಮೂರನೇ ಕಂತಿನ ಬದಲು 13,000 ರೂಪಾಯಿ ಪಾರ್ಟ್ ಪೇಮೆಂಟ್ ಹಾಕಿದೆ. ಯಾರೂ ಯಾಕೆ ಅಂತ ಕೇಳಲಿಲ್ಲ, ಬೌನ್ಸ್ ಚಾರ್ಜೂ ಬೀಳಲಿಲ್ಲ. ಮಾರನೇ ದಿನ ಸ್ಟೇಟ್‌ಮೆಂಟ್ ತೆಗೆದು ಬಾಕಿ ಅಸಲಿನ ಕಾಲಂ ನೋಡಿದೆ. ಸರಿಯಾಗಿ 13,000 ಇಳಿದಿತ್ತು.